ಮಸುಕು ಕಣ್ಣು, ನಡುಗುವ ಕೈ: ಗ್ಲುಕೋಮೀಟರ್ ಕೊಳ್ಳುವ ಮುನ್ನ ಸ್ಟ್ರಿಪ್ ನೋಡಿ

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಸಕ್ಕರೆ ಕಾಯಿಲೆಯಿಂದಾಗಿ ಎರಡೂ ಕಣ್ಣಿನ ರೆಟಿನಾಗೆ ಲೇಸರ್ ಮಾಡಿಸಿದ್ದೇವೆ. ಬಲಗಣ್ಣು ತೀರಾ ಮಸುಕು. ಕೈ ನಡುಕಕ್ಕೆ ಪ್ರೊಪ್ರನೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್‌ಗೆ ಮೊದಲು ತಾವೇ ಶುಗರ್ ನೋಡಿಕೊಳ್ಳುತ್ತಾರೆ. ಹತ್ತು ಸ್ಟ್ರಿಪ್‌ನಲ್ಲಿ ಮೂರ್ನಾಲ್ಕು ಹಾಳಾಗುತ್ತವೆ. ಹೋದ ವಾರ 168 ಬಂದಿದ್ದನ್ನು 68 ಎಂದು ಓದಿ, ಸಕ್ಕರೆ ತಿಂದು, ಇನ್ಸುಲಿನ್ ಬಿಟ್ಟರು. ದೊಡ್ಡ ಅಂಕಿಯ ಮೀಟರ್ ತರಲೇ, ಮಾತನಾಡುವುದನ್ನು ತರಲೇ? ಮಾತನಾಡುವ ಮೀಟರಿನ ಲೆಕ್ಕ ಸರಿಯಿರುವುದಿಲ್ಲವಂತೆ, ನಿಜವೇ? ಸ್ಟ್ರಿಪ್ ಖರ್ಚು, ಮೆಮೊರಿ ಇವನ್ನು ಹೇಗೆ ನೋಡಬೇಕು?

ಉತ್ತರ: ನಿಮ್ಮ ತಾಯಿಯವರಿಗೆ ಬೇಕಾದದ್ದು ಮೊದಲಿನಿಂದ ಕೊನೆಯವರೆಗೆ ಪ್ರತಿ ಹಂತವನ್ನೂ ಧ್ವನಿಯಲ್ಲಿ ಹೇಳುವ ಮೀಟರ್. ಪರದೆಯೂ ದೊಡ್ಡದಿದ್ದರೆ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೊಳ್ಳಬೇಡಿ. ಇವೆರಡಕ್ಕೂ ಮೊದಲು ನೀವು ಕೈಯಲ್ಲಿ ಹಿಡಿದು ನೋಡಬೇಕಾದದ್ದು ಆ ಮೀಟರ್‌ಗೆ ಹಾಕುವ ಸ್ಟ್ರಿಪ್ ಅನ್ನು. ರಕ್ತದ ಹನಿ ಸ್ಟ್ರಿಪ್‌ನ ತುದಿಗೆ ಸರಿಯಾಗಿ ಮುಟ್ಟದಿದ್ದರೆ ಪರದೆಗೆ ತೋರಿಸಲು ಏನೂ ಇರುವುದಿಲ್ಲ, ಧ್ವನಿಗೆ ಹೇಳಲು ಏನೂ ಇರುವುದಿಲ್ಲ. ಕಣ್ಣು ಮಂದವಾದ ಹಿರಿಯರಿಗೆ ಮೀಟರ್ ಬಳಸುವುದನ್ನು ಕಲಿಸುತ್ತಾ ಬಂದಿರುವ ನನಗೆ ಪದೇಪದೇ ಕಾಣುವುದು ಇದೇ: ಮನೆಯವರು ಅಂಕಿಯ ಗಾತ್ರ ನೋಡಿ ಮೀಟರ್ ತಂದಿರುತ್ತಾರೆ, ಹಿರಿಯರು ಮಾತ್ರ ಅಂಕಿ ಮೂಡುವ ಹಂತಕ್ಕೆ ಹೋಗುವ ಮೊದಲೇ ಸೋತಿರುತ್ತಾರೆ.

ಮೊದಲು ಆ 168ರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಬಹಳಷ್ಟು ಮೀಟರ್‌ಗಳಲ್ಲಿ ಅಂಕಿಗಳು ಏಳು ಸಣ್ಣ ಗೆರೆಗಳಿಂದ ಮೂಡುತ್ತವೆ. 8ಕ್ಕೆ ಏಳೂ ಗೆರೆ ಬೇಕು, 6ಕ್ಕೆ ಆರು, 1ಕ್ಕೆ ಎರಡೇ. ಹಾಗಾಗಿ ಮೂರಂಕಿಯ ಸಂಖ್ಯೆಯ ಮೊದಲ 1 ಪರದೆಯ ಎಡ ಅಂಚಿನಲ್ಲಿ ತೆಳುವಾದ ಕಡ್ಡಿಯಂತೆ ನಿಲ್ಲುತ್ತದೆ. ರೆಟಿನಾಗೆ ವಿಸ್ತಾರವಾಗಿ ಲೇಸರ್ ಆದವರಲ್ಲಿ ಎಷ್ಟೋ ಸಲ ಅಂಚಿನ ನೋಟ ಕಡಿಮೆಯಾಗಿರುತ್ತದೆ. ನಡುವಿನ 6 ಮತ್ತು 8 ಚೆನ್ನಾಗಿಯೇ ಕಾಣುತ್ತವೆ, ಎಡದ ಕಡ್ಡಿ ಮಾತ್ರ ನೋಟದ ಹೊರಗೆ ಉಳಿಯುತ್ತದೆ. ಇಂಥವರಿಗೆ ಅಂಕಿಯನ್ನು ಇನ್ನಷ್ಟು ದೊಡ್ಡದು ಮಾಡಿದರೆ ಸಂಖ್ಯೆ ಇನ್ನಷ್ಟು ಅಗಲವಾಗಿ ಹರಡಿಕೊಂಡು, ಆ 1 ಮತ್ತಷ್ಟು ಅಂಚಿಗೆ ಹೋಗಬಹುದು. ಪೊರೆಯಿಂದಲೋ ರೆಟಿನಾದ ನಡುಭಾಗದ ಊತದಿಂದಲೋ ನೋಟ ಮಸುಕಾದವರಿಗೆ ದೊಡ್ಡ ಅಂಕಿ ನಿಜವಾಗಿಯೂ ನೆರವಾಗುತ್ತದೆ, ನೋಟದ ವ್ಯಾಪ್ತಿ ಕುಗ್ಗಿದವರಿಗೆ ಅಷ್ಟಾಗಿ ಆಗುವುದಿಲ್ಲ. ನಿಮ್ಮ ತಾಯಿಯವರದು ಯಾವ ಬಗೆ ಎಂಬುದನ್ನು ಕಣ್ಣಿನ ವೈದ್ಯರಲ್ಲಿ ಒಂದು ಮಾತು ಕೇಳಿಕೊಳ್ಳಿ. ಎರಡೂ ಸೇರಿರುವುದು ಅಪರೂಪವಲ್ಲ.

ಪರದೆಯನ್ನು ಪರೀಕ್ಷಿಸುವಾಗ ಅಂಕಿಯ ಎತ್ತರಕ್ಕಿಂತ ಹಿನ್ನೆಲೆಯನ್ನು ಗಮನಿಸಿ. ಬೂದು ಹಿನ್ನೆಲೆಯ ಮೇಲೆ ಕಡುಬೂದು ಅಂಕಿ ಇದ್ದರೆ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಬಿಳಿಯ ಮೇಲೆ ಕಪ್ಪು ಅಥವಾ ಕಪ್ಪಿನ ಮೇಲೆ ಬಿಳಿ, ಜೊತೆಗೆ ಪರದೆಯ ಒಳಗಿನಿಂದಲೇ ಬೆಳಕು ಇರಬೇಕು. ಮೇಜಿನ ಮೇಲೆ ಮಲಗಿಸಿದಾಗ ಓರೆಯಿಂದಲೂ ಓದಲು ಬರಬೇಕು, ಏಕೆಂದರೆ ನಡುಗುವ ಕೈಯವರು ಮೀಟರನ್ನು ಕಣ್ಣಿನ ಹತ್ತಿರಕ್ಕೆ ಎತ್ತಿ ಹಿಡಿಯಲಾರರು. ಕೆಲವು ಮೀಟರ್‌ಗಳು ಕಡಿಮೆ ಬಂದರೆ ಒಂದು ಬಣ್ಣ, ಹೆಚ್ಚು ಬಂದರೆ ಇನ್ನೊಂದು ಬಣ್ಣ ತೋರಿಸುತ್ತವೆ. ರೆಟಿನಾ ತೊಂದರೆಯಲ್ಲಿ ಬಣ್ಣ ಗುರುತಿಸುವ ಶಕ್ತಿಯೂ ಕುಂದುವುದರಿಂದ ಅದನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಇನ್ನೊಂದು ಸಂಗತಿ: ಸಕ್ಕರೆ ಪ್ರಮಾಣ ಬಹಳ ಇಳಿದಾಗ ಕಣ್ಣು ಇನ್ನೂ ಮಂಜಾಗುತ್ತದೆ. ಬೆಳಿಗ್ಗೆ ಹಾಯಾಗಿ ಕುಳಿತು ಓದಲು ಬಂದ ಪರದೆ, ಅತಿ ಅಗತ್ಯವಾದ ಹೊತ್ತಿನಲ್ಲಿ ಓದಲು ಬಾರದೆ ಹೋಗಬಹುದು. ದೊಡ್ಡ ಪರದೆ ಇದ್ದರೂ ಧ್ವನಿ ಬೇಕು ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದು.

ಮಾತನಾಡುವ ಮೀಟರಿನ ಲೆಕ್ಕ ತಪ್ಪು ಎಂಬ ಮಾತಿಗೆ ಆಧಾರವಿಲ್ಲ. ಅಳತೆ ನಡೆಯುವುದು ಸ್ಟ್ರಿಪ್‌ನಲ್ಲಿ. ಅಲ್ಲಿರುವ ಕಿಣ್ವ ರಕ್ತದ ಗ್ಲೂಕೋಸ್‌ನೊಂದಿಗೆ ವರ್ತಿಸಿ ಹುಟ್ಟಿಸುವ ಸಣ್ಣ ವಿದ್ಯುತ್ತನ್ನು ಮೀಟರ್ ಸಂಖ್ಯೆಯಾಗಿ ಬದಲಿಸುತ್ತದೆ. ಸ್ಪೀಕರ್ ಆ ಸಂಖ್ಯೆಯನ್ನು ಓದುತ್ತದೆ, ಅಷ್ಟೇ. ಮಾತನಾಡಲಿ, ಬಿಡಲಿ, ಯಾವ ಮೀಟರ್ ಕೊಂಡರೂ ಐಎಸ್‌ಒ 15197:2013 ಮಾನದಂಡಕ್ಕೆ ಒಳಪಟ್ಟಿದೆಯೇ ಎಂದು ಪೆಟ್ಟಿಗೆಯ ಮೇಲೆ ಅಥವಾ ಕೈಪಿಡಿಯಲ್ಲಿ ನೋಡಿ. ಆ ಮಾನದಂಡದ ಪ್ರಕಾರ ನೂರು ಪರೀಕ್ಷೆಗಳಲ್ಲಿ 95, ಪ್ರಯೋಗಾಲಯದ ಫಲಿತಾಂಶಕ್ಕಿಂತ ಶೇಕಡಾ 15ರೊಳಗಿನ ಅಂತರದಲ್ಲಿರಬೇಕು. ಫಲಿತಾಂಶ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಂತರ 15 ಮಿಲಿಗ್ರಾಂ ಮೀರಬಾರದು. ಅಂದರೆ ಪ್ರಯೋಗಾಲಯದಲ್ಲಿ 168 ಬಂದಾಗ ಒಳ್ಳೆಯ ಮೀಟರೂ 143ರಿಂದ 193ರ ನಡುವೆ ಏನನ್ನಾದರೂ ತೋರಿಸಬಹುದು. ಇದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ಸರಿಯಿರುವ ಮೀಟರನ್ನೇ ಮೂಲೆಗೆ ಹಾಕುತ್ತಾರೆ.

ಈಗ ಸ್ಟ್ರಿಪ್. ಅದರ ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾದ ಕಾಲುವೆ ಇದೆ. ಹನಿ ಅದರ ಬಾಯಿಗೆ ತಗುಲಿದರೆ ರಕ್ತವನ್ನು ಅದೇ ಒಳಗೆ ಎಳೆದುಕೊಳ್ಳುತ್ತದೆ. ಹಲವು ಮೀಟರ್‌ಗಳಿಗೆ ಬೇಕಾಗುವುದು 0.3ರಿಂದ 1 ಮೈಕ್ರೋಲೀಟರ್ ರಕ್ತ, ಅಂದರೆ ಹೆಚ್ಚೆಂದರೆ ಸಣ್ಣ ಸಾಸಿವೆ ಕಾಳಿನಷ್ಟು ಹನಿ. ರಕ್ತ ಕಡಿಮೆ ಸಾಕು ಎಂಬುದನ್ನೇ ಅಂಗಡಿಯಲ್ಲಿ ದೊಡ್ಡದಾಗಿ ಹೇಳುತ್ತಾರೆ. ನಡುಗುವ ಕೈಗೆ ಅದು ಅರ್ಧ ಉತ್ತರ ಮಾತ್ರ, ಏಕೆಂದರೆ ಅವರ ತೊಂದರೆ ಹನಿಯ ಗಾತ್ರದ್ದಲ್ಲ, ಗುರಿಯದು. ಬೆರಳು ಒಂದು ಕಡೆ, ಮೀಟರ್ ಹಿಡಿದ ಕೈ ಇನ್ನೊಂದು ಕಡೆ ಅಲುಗುತ್ತಿರುವಾಗ ಹನಿ ಸ್ಟ್ರಿಪ್‌ನ ಬೆನ್ನಿಗೆ ಸವರಿಕೊಳ್ಳುತ್ತದೆ, ಅಥವಾ ಅರ್ಧ ಕಾಲುವೆ ತುಂಬುವಷ್ಟರಲ್ಲಿ ಬೆರಳು ಜಾರಿ ಮೀಟರ್ ದೋಷ ಸಂಕೇತ ತೋರಿಸುತ್ತದೆ.

ಆದ್ದರಿಂದ ಸ್ಟ್ರಿಪ್‌ನಲ್ಲಿ ನಾನು ಹುಡುಕುವುದು ಮೂರು ಗುಣ. ಅದು ಅಗಲವಾಗಿ, ಸ್ವಲ್ಪ ಗಡುಸಾಗಿ ಇದ್ದು ಬೆರಳಿಗೆ ಸಿಗಬೇಕು. ಒಂದೊಂದನ್ನೂ ಫಾಯಿಲ್‌ನಲ್ಲಿ ಮುಚ್ಚಿಟ್ಟ ಬಗೆ ನಡುಕವಿರುವವರಿಗೆ ಬಿಚ್ಚಲಾಗದು. ರಕ್ತ ಹೀರುವ ಬಾಯಿ ಒಂದೇ ಚುಕ್ಕೆಯಷ್ಟಿರದೆ ತುದಿಯ ಅಂಚಿನುದ್ದಕ್ಕೂ ಇರಬೇಕು, ಆಗ ಎಲ್ಲಿ ತಾಗಿದರೂ ಹೀರಿಕೊಳ್ಳುತ್ತದೆ. ಮೂರನೆಯದು, ಮೊದಲ ಹನಿ ಸಾಲದಿದ್ದರೆ ಅದೇ ಸ್ಟ್ರಿಪ್‌ಗೆ ಕೆಲವು ಕ್ಷಣಗಳೊಳಗೆ ಇನ್ನೊಂದು ಹನಿ ಸೇರಿಸಲು ಮೀಟರ್ ಅವಕಾಶ ಕೊಡಬೇಕು. ಈ ಅವಕಾಶ ಎಲ್ಲ ಮೀಟರ್‌ಗಳಲ್ಲಿ ಇಲ್ಲ. ಇಲ್ಲದ ಕಡೆ ಎರಡನೆಯ ಹನಿ ಹಾಕಿದರೆ ಫಲಿತಾಂಶವೇ ಕೆಡಬಹುದು, ಹಾಗಾಗಿ ಕೈಪಿಡಿಯಲ್ಲಿ ಬರೆದಿದೆಯೇ ಎಂದು ಓದಿಕೊಳ್ಳಿ. ಹಾಳಾಗುತ್ತಿರುವ ಸ್ಟ್ರಿಪ್‌ಗಳಲ್ಲಿ ಒಂದು ದೊಡ್ಡ ಪಾಲು ಇದರಿಂದಲೇ ಉಳಿಯುತ್ತದೆ.

ಮೀಟರ್ ಬದಲಿಸುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಮೀಟರನ್ನು ಕೈಯಲ್ಲಿ ಹಿಡಿಯುವುದನ್ನು ಪೂರ್ತಿ ಬಿಡಿಸಿ. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಅದರ ಮೇಲೆ ಜಾರದ ರಬ್ಬರ್ ಹಾಸು, ಅದರ ಮೇಲೆ ಮೀಟರ್. ಸ್ಟ್ರಿಪ್‌ನ ತುದಿ ಪುಸ್ತಕದ ಅಂಚಿನಿಂದ ಹೊರಗೆ ಚಾಚಿರಬೇಕು. ತುದಿ ಮೇಲ್ಮುಖವಾಗಿದ್ದರೆ ರಕ್ತ ಮೀಟರಿನೊಳಕ್ಕೆ ಇಳಿಯಬಹುದು, ಮಟ್ಟಸವಾಗಿಯೇ ಇರಲಿ. ಮೊಣಕೈ ಮತ್ತು ಮುಂಗೈ ಮೇಜಿನ ಮೇಲೆ ಊರಿ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದು, ಬೆರಳಿನ ಪಕ್ಕದ ಹನಿಯನ್ನು ಸ್ಟ್ರಿಪ್‌ನ ತುದಿಗೆ ಮೆಲ್ಲಗೆ ತರಬೇಕು. ಹೀಗೆ ಅಲುಗುವ ವಸ್ತು ಎರಡಿದ್ದದ್ದು ಒಂದಾಗುತ್ತದೆ. ನನ್ನ ಬಳಿ ಬರುತ್ತಿದ್ದ ಒಬ್ಬ ಅಜ್ಜಿಗೆ ಇಷ್ಟು ಮಾಡಿದರೂ ಹನಿ ಬೇರೆಲ್ಲೋ ಬೀಳುತ್ತಿತ್ತು. ಪಕ್ಕದಲ್ಲಿ ಕುಳಿತು ನೋಡಿದಾಗ ಕಾರಣ ತಿಳಿಯಿತು: ಬಿಳಿ ಸ್ಟ್ರಿಪ್‌ನ ಹಿಂದೆ ಬಿಳಿ ಮೇಜುಬಟ್ಟೆ ಹಾಸಿತ್ತು, ಅವರ ಕಣ್ಣಿಗೆ ಸ್ಟ್ರಿಪ್ ಎಲ್ಲಿ ಮುಗಿಯುತ್ತದೆ ಎಂಬುದೇ ಕಾಣುತ್ತಿರಲಿಲ್ಲ. ಕೆಳಗೆ ಕಪ್ಪು ಬಟ್ಟೆ ಹಾಸಿದ ಮೇಲೆ ಮೊದಲ ಯತ್ನದಲ್ಲೇ ಹನಿ ಮುಟ್ಟಿಸಿದರು.

ಬೆರಳು ಚುಚ್ಚುವ ಪೆನ್ನನ್ನೂ ಮರೆಯಬೇಡಿ. ಸಣ್ಣ ಸೂಜಿಯನ್ನು ಕೂರಿಸಿ, ಮುಚ್ಚಳ ತಿರುಗಿಸಿ, ಆಳ ಹೊಂದಿಸುವುದೇ ಕೆಲವರಿಗೆ ಅಸಾಧ್ಯ. ಒತ್ತಿದರೆ ತಾನೇ ಚುಚ್ಚಿ ಒಳಕ್ಕೆ ಸೇರುವ, ಒಮ್ಮೆ ಬಳಸಿ ಎಸೆಯುವ ಲ್ಯಾನ್ಸೆಟ್ ಅಥವಾ ಹಲವು ಸೂಜಿಗಳು ಒಳಗೇ ಜೋಡಿಸಿರುವ ಪೆನ್ನು ಇಂಥವರಿಗೆ ಸರಿ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಪ್ರೊಪ್ರನೊಲಾಲ್. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ದೇಹ ಕೊಡುವ ಮುನ್ಸೂಚನೆಗಳಲ್ಲಿ ಮುಖ್ಯವಾದವು ಕೈ ನಡುಕ ಮತ್ತು ಎದೆ ಬಡಿತ. ಈ ಮಾತ್ರೆ ಅವೆರಡನ್ನೂ ಅಡಗಿಸಬಲ್ಲದು. ಬೆವರುವುದು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಹಿಂದಿನಿಂದಲೂ ನಡುಕವಿರುವವರಿಗೆ ಹೊಸ ನಡುಕ ಯಾವುದು ಎಂದು ತಿಳಿಯುವುದೂ ಕಷ್ಟ. ಆದ್ದರಿಂದ ನಿಮ್ಮ ತಾಯಿಯವರು ಇತರರಿಗಿಂತ ಹೆಚ್ಚಾಗಿ ಮೀಟರನ್ನೇ ನೆಚ್ಚಿಕೊಳ್ಳಬೇಕಾಗಿದೆ, ಅದೂ ಕೈ ಅತಿ ಹೆಚ್ಚು ನಡುಗುವ, ಕಣ್ಣು ಅತಿ ಹೆಚ್ಚು ಮಂಜಾಗುವ ಹೊತ್ತಿನಲ್ಲಿ. ಇನ್ಸುಲಿನ್ ಜೊತೆ ಈ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ. ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದು ಹೃದಯಕ್ಕೆ ಅಪಾಯ ತರಬಹುದು. ಕಾರಣವಿಲ್ಲದೆ ಬೆವರಿದರೆ ಪರೀಕ್ಷೆ ಮಾಡಿಕೊಳ್ಳಬೇಕೆಂದೂ, ಪರೀಕ್ಷೆ ಸಾಧ್ಯವಾಗದಿದ್ದರೆ ಮೊದಲು 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷದ ನಂತರ ನೋಡಬೇಕೆಂದೂ ಅವರಿಗೆ ತಿಳಿಸಿ. ಎರಡನೆಯ ಸಲ ನೋಡುವ ಮೊದಲು ಕೈ ತೊಳೆದು ಒರೆಸಿಕೊಳ್ಳಲೇಬೇಕು. ಗ್ಲೂಕೋಸ್ ಪುಡಿ ಅಂಟಿದ ಬೆರಳಿನಿಂದ ಬಂದ ಹನಿ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ, ಇಳಿದೇ ಇರುವವರು ಚೇತರಿಸಿಕೊಂಡೆವೆಂದು ಭಾವಿಸುತ್ತಾರೆ.

ಮಾತನಾಡುವ ಮೀಟರ್ ಎಂದರೆ ಎಲ್ಲವೂ ಒಂದೇ ಅಲ್ಲ. ಒಂದು ಬಗೆಯದು ಕೊನೆಯ ಸಂಖ್ಯೆಯನ್ನು ಮಾತ್ರ ಹೇಳುತ್ತದೆ. ಇನ್ನೊಂದು ಬಗೆಯದು ಸ್ಟ್ರಿಪ್ ಸರಿಯಾಗಿ ಕೂತಿತು, ರಕ್ತ ಹಾಕಿ, ರಕ್ತ ಸಾಲದು, ಬ್ಯಾಟರಿ ಮುಗಿಯುತ್ತಿದೆ ಎಂಬುದನ್ನೆಲ್ಲ ಹೇಳಿ, ಹಳೆಯ ಫಲಿತಾಂಶಗಳನ್ನೂ ಓದುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಮಾತನಾಡುವ ಮೀಟರ್ ಎಂದೇ ಹೆಸರು. ವ್ಯತ್ಯಾಸ ತಿಳಿಯಲು ಸುಲಭದ ದಾರಿಯೆಂದರೆ ಕಣ್ಣು ಮುಚ್ಚಿಕೊಂಡು ಬೇಕೆಂದೇ ತಪ್ಪು ಮಾಡುವುದು: ಈಗಾಗಲೇ ಬಳಸಿದ ಸ್ಟ್ರಿಪ್ ಒಂದನ್ನು ತೂರಿಸಿ ನೋಡಿ. ತಪ್ಪನ್ನು ಮಾತಿನಲ್ಲಿ ಹೇಳಿದರೆ ಸರಿ. ಸುಮ್ಮನೆ ಬೀಪ್ ಎಂದು ದೋಷ ಸಂಕೇತವನ್ನು ಪರದೆಯಲ್ಲಷ್ಟೇ ತೋರಿಸಿದರೆ ಅದು ನಿಮ್ಮ ತಾಯಿಯವರಿಗೆ ಆಗುವುದಿಲ್ಲ. ಅಳತೆಯ ಮಿತಿಗಿಂತ ಕೆಳಗೆ ಹೋದಾಗ ಪರದೆಯಲ್ಲಿ ಬರುವ Lo, ಮೇಲೆ ಹೋದಾಗ ಬರುವ Hi ಎಂಬ ಸೂಚನೆಗಳನ್ನು ಧ್ವನಿಯಲ್ಲಿ ಹೇಗೆ ಹೇಳುತ್ತದೆ ಎಂಬುದನ್ನೂ ಕೈಪಿಡಿಯಲ್ಲಿ ನೋಡಿ.

ಧ್ವನಿಯ ಭಾಷೆ ಅವರಿಗೆ ಗೊತ್ತಿರುವುದೇ ಆಗಿರಬೇಕು ಎಂಬುದು ಸ್ಪಷ್ಟ. ಗೊತ್ತಿರುವ ಭಾಷೆಯಲ್ಲಿ ಸಿಗದಿದ್ದರೆ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಹೆಸರಾದರೂ ತಿಳಿದಿದ್ದು, ಮೀಟರ್ ಸಂಖ್ಯೆಯನ್ನು ಬಿಡಿಬಿಡಿಯಾಗಿ ಓದುವಂತಿದ್ದರೆ ಸಾಲುತ್ತದೆ. ವಾಸ್ತವವಾಗಿ ಕಿವಿ ಸ್ವಲ್ಪ ಮಂದವಾದವರಿಗೆ ಬಿಡಿಬಿಡಿ ಓದುವುದೇ ಹೆಚ್ಚು ಸುರಕ್ಷಿತ. ಅರವತ್ತು, ಎಪ್ಪತ್ತು ಎಂಬಂಥ ಪದಗಳು ಕಿವಿಯಲ್ಲಿ ಒಂದಕ್ಕೊಂದು ಕಲೆತುಹೋಗಬಹುದು, ಒಂದು-ಆರು-ಎಂಟು ಎಂದಾಗ ಮೂರು ಅಂಕಿಯಿದೆ ಎಂಬುದಂತೂ ಖಚಿತವಾಗುತ್ತದೆ. ಕೊನೆಯ ಸಂಖ್ಯೆಯನ್ನು ಮತ್ತೆ ಹೇಳಿಸುವ ಗುಂಡಿ ಇರಬೇಕು, ಆ ಗುಂಡಿ ತಡವಿದರೇ ತಿಳಿಯುವಷ್ಟು ಉಬ್ಬಿರಬೇಕು. ನಿಮ್ಮ ವೈದ್ಯರು ಬಳಸುವ ಮಾಪನವನ್ನೇ ಮೀಟರೂ ತೋರಿಸಬೇಕು. ಕೆಲವು ಮೀಟರ್‌ಗಳು ಮಿಲಿಗ್ರಾಂ ಬದಲು ಮಿಲಿಮೋಲ್‌ನಲ್ಲಿ ಲೆಕ್ಕ ಕೊಡುತ್ತವೆ; ಅಲ್ಲಿನ 5.6 ಎಂದರೆ ಇಲ್ಲಿನ ಸುಮಾರು 100. ನಡುವಿನ ಚುಕ್ಕೆ ಕಾಣದವರು ಅದನ್ನು 56 ಎಂದು ಓದಿ ಗಾಬರಿಯಾಗುತ್ತಾರೆ.

ಖರ್ಚಿನ ಲೆಕ್ಕವನ್ನು ಒಂದು ಸ್ಟ್ರಿಪ್‌ನ ಬೆಲೆಯಿಂದ ಮಾಡಬೇಡಿ, ಕೈಗೆ ಸಿಕ್ಕ ಒಂದು ಫಲಿತಾಂಶದ ಬೆಲೆಯಿಂದ ಮಾಡಿ. ದಿನಕ್ಕೆ ಎರಡು ಸಲವೆಂದರೆ ವರ್ಷಕ್ಕೆ 730 ಫಲಿತಾಂಶ ಬೇಕು. ಈಗ ನೂರಕ್ಕೆ 35 ಹಾಳಾಗುತ್ತಿವೆ ಎಂದಿಟ್ಟುಕೊಂಡರೆ ಅಷ್ಟು ಫಲಿತಾಂಶಕ್ಕೆ ಸುಮಾರು 1,123 ಸ್ಟ್ರಿಪ್ ಖರ್ಚಾಗುತ್ತವೆ. ಹಿಡಿಯಲು ಸುಲಭವಾದ, ಎರಡನೆಯ ಹನಿಗೆ ಅವಕಾಶವಿರುವ ಸ್ಟ್ರಿಪ್‌ನಲ್ಲಿ ನೂರಕ್ಕೆ ಐದು ಮಾತ್ರ ಹಾಳಾದರೆ ಸುಮಾರು 768 ಸಾಕು. ಅಂದರೆ ಹೊಸ ಸ್ಟ್ರಿಪ್ ಈಗಿನದಕ್ಕಿಂತ ಶೇಕಡಾ 40ರಷ್ಟು ದುಬಾರಿಯಾದರೂ ವರ್ಷದ ಕೊನೆಗೆ ಸ್ವಲ್ಪ ಉಳಿತಾಯವೇ ಆಗುತ್ತದೆ, ಮತ್ತು ಅವರ ಬೆರಳಿಗೆ ಮುನ್ನೂರೈವತ್ತರಷ್ಟು ಚುಚ್ಚು ತಪ್ಪುತ್ತದೆ. ಮೀಟರ್ ಅಗ್ಗವಾಗಿ ಸಿಕ್ಕಿತು ಎಂಬುದಕ್ಕೆ ಇದರ ಮುಂದೆ ತೂಕವಿಲ್ಲ. ಅದಕ್ಕಿಂತ, ಆ ಸ್ಟ್ರಿಪ್ ನೀವಿರುವ ಕಡೆ ವರ್ಷವಿಡೀ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಮಾತನಾಡುವ ಮೀಟರ್‌ಗಳ ವಿಷಯದಲ್ಲಿ ಕಾಡುವ ತೊಂದರೆ ಅದು.

ಉಳಿತಾಯವನ್ನು ಸದ್ದಿಲ್ಲದೆ ನುಂಗುವ ಇನ್ನೊಂದು ರೂಢಿಯಿದೆ. ತಾಯಿಗೆ ಡಬ್ಬಿಯಿಂದ ತೆಗೆಯಲು ಕಷ್ಟವೆಂದು ಮಕ್ಕಳು ಬೆಳಿಗ್ಗೆಯೇ ಎರಡು ಸ್ಟ್ರಿಪ್ ತೆಗೆದು ಪುಟ್ಟ ಕರಡಿಗೆಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಾರೆ. ಪ್ರೀತಿಯಿಂದ ಮಾಡುವುದೇ ಆದರೂ ಇದು ತಪ್ಪು. ಸ್ಟ್ರಿಪ್‌ನ ಡಬ್ಬಿಯೊಳಗೆ ತೇವ ಹೀರುವ ವಸ್ತು ಇರುತ್ತದೆ. ಹೊರಗಿಟ್ಟ ಸ್ಟ್ರಿಪ್ ಗಾಳಿಯ ತೇವಕ್ಕೆ ಕೆಟ್ಟು ತಪ್ಪು ಸಂಖ್ಯೆ ಕೊಡಬಲ್ಲದು, ನೋಡಲು ಮಾತ್ರ ಹೊಸದರಂತೆಯೇ ಇರುತ್ತದೆ. ತಿರುಪಿನ ಮುಚ್ಚಳಕ್ಕಿಂತ ಹೆಬ್ಬೆರಳಿನಿಂದ ಒತ್ತಿ ತೆರೆಯುವ, ಡಬ್ಬಿಗೇ ಅಂಟಿಕೊಂಡಿರುವ ಮುಚ್ಚಳದ ಬಗೆಯನ್ನು ಆರಿಸಿ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ, ಏಕೆಂದರೆ ಕೆಲವು ಬಗೆಯವು ತೆರೆದ ಮೂರು ತಿಂಗಳಿಗೇ ಮುಗಿಯುತ್ತವೆ. ನಿಮ್ಮಲ್ಲಿ ಒಂದು ಡಬ್ಬಿ ಒಂದು ತಿಂಗಳೂ ಬಾಳದ ಕಾರಣ ಚಿಂತೆಯಿಲ್ಲ. ವಾರಕ್ಕೆ ಮೂರು ಸಲ ಮಾತ್ರ ನೋಡಿಕೊಳ್ಳುವವರಿಗೆ 50ರ ಡಬ್ಬಿ ನಾಲ್ಕು ತಿಂಗಳು ಬರುತ್ತದೆ, ಅವರು ಇದನ್ನು ಗಮನಿಸಬೇಕು.

ಮೆಮೊರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈದ್ಯರಿಗೆ ಮೂರು ತಿಂಗಳ ದಾಖಲೆ ಸಾಕು, ಅದು ನಿಮ್ಮ ಲೆಕ್ಕದಲ್ಲಿ 180 ಫಲಿತಾಂಶ. 500 ಇರಲಿ, 1,000 ಇರಲಿ ವ್ಯತ್ಯಾಸವಿಲ್ಲ. ಬೇಕಾದದ್ದು ಸರಿಯಾದ ಗಡಿಯಾರ. ಬ್ಯಾಟರಿ ಬದಲಿಸಿದಾಗ ದಿನಾಂಕ ಅಳಿಸಿಹೋದರೆ ಯಾವುದು ಬೆಳಗಿನದು, ಯಾವುದು ರಾತ್ರಿಯದು ಎಂದು ಯಾರಿಗೂ ತಿಳಿಯದು. ಮೀಟರ್ ಕೊಡುವ 14 ದಿನದ ಸರಾಸರಿಗೆ ಸಮಾಧಾನ ಪಡಬೇಡಿ. 60 ಮತ್ತು 240 ಸೇರಿದರೂ ಸರಾಸರಿ 150 ಎಂದೇ ಬರುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿ ಮೆಮೊರಿ ಒಂದು ಬೇರೆ ಕೆಲಸಕ್ಕೆ ಬೇಕು: ಅವರು ಓದಿದ್ದೂ ಮೀಟರ್ ಅಳೆದದ್ದೂ ಒಂದೇ ಹೌದೇ ಎಂದು ನೀವು ನೋಡಲು. ಫಲಿತಾಂಶವನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳಿಸುವ ಮೀಟರ್ ಆದರೆ ಇದು ಸಲೀಸಾಗುತ್ತದೆ.

ಕೊಳ್ಳುವ ಮೊದಲು ಅವರ ಕೈಯಿಂದಲೇ ಪರೀಕ್ಷೆ ಮಾಡಿಸಿ, ನೀವು ಮುಟ್ಟದೆ ನೋಡಿ. ಮನೆಯಲ್ಲೂ ಹತ್ತು ಸಲ ಹೀಗೆ ನೋಡಿ, ಸೋತದ್ದೆಲ್ಲಿ ಎಂದು ಬರೆದಿಡಿ: ಡಬ್ಬಿ ತೆರೆಯುವಲ್ಲೇ, ಸ್ಟ್ರಿಪ್ ತೂರಿಸುವಲ್ಲೇ, ಹನಿ ಮುಟ್ಟಿಸುವಲ್ಲೇ, ಓದುವಲ್ಲೇ. ಮೇಜಿನ ವ್ಯವಸ್ಥೆ, ಒಳ್ಳೆಯ ಸ್ಟ್ರಿಪ್ ಎಲ್ಲ ಆದ ಮೇಲೂ ಹತ್ತರಲ್ಲಿ ಮೂರು ಸಲ ಹನಿ ತಪ್ಪುತ್ತಿದ್ದರೆ ತೋಳಿಗೆ ಅಂಟಿಸುವ ಸೆನ್ಸರ್ ಬಗ್ಗೆ ವೈದ್ಯರೊಂದಿಗೆ ಮಾತನಾಡಿ. ಅದನ್ನು ಬಗೆಗೆ ತಕ್ಕಂತೆ ಹತ್ತು ಹದಿನೈದು ದಿನಕ್ಕೊಮ್ಮೆ ಬೇರೆಯವರು ಅಂಟಿಸಿಕೊಡಬಹುದು. ಸಕ್ಕರೆ ಇಳಿದರೆ ಸದ್ದು ಮಾಡುವ ಬಗೆಯದು ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಿಗೆ ದೊಡ್ಡ ಆಸರೆ. ಖರ್ಚು ಮಾತ್ರ ಹೆಚ್ಚು. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ, ಹಾಗಾಗಿ ಸೆನ್ಸರ್ ಹೇಳುವುದಕ್ಕೂ ಮೈಗೆ ಅನಿಸುವುದಕ್ಕೂ ಹೊಂದದಿದ್ದಾಗ ಬೆರಳು ಚುಚ್ಚಿ ನೋಡುವುದು ಆಗಲೂ ತಪ್ಪದು.

ಹೊಸ ಮೀಟರ್ ಬರುವವರೆಗೆ, ಇಂದು ರಾತ್ರಿಯಿಂದಲೇ, ಇನ್ಸುಲಿನ್‌ಗೆ ಮೊದಲು ಅವರು ನಿಮಗೆ ವಿಡಿಯೊ ಕರೆ ಮಾಡಿ ಮೀಟರಿನ ಪರದೆಯನ್ನು ತೋರಿಸಲಿ. ಮೊದಲು ಎರಡಂಕಿಯೋ ಮೂರಂಕಿಯೋ ಎಂದು ನೀವು ಹೇಳಿ, ಆಮೇಲೆ ಸಂಖ್ಯೆ ಓದಿ. 70ಕ್ಕಿಂತ ಕಡಿಮೆಯಿದ್ದಾಗ, ಅಥವಾ ಸಂಖ್ಯೆ ಯಾಕೋ ಹೊಂದುತ್ತಿಲ್ಲ ಅನ್ನಿಸಿದಾಗ ಇನ್ಸುಲಿನ್ ಎಷ್ಟು ಹಾಕಬೇಕು, ಯಾವಾಗ ತಡೆಹಿಡಿಯಬೇಕು ಎಂಬುದನ್ನು ಅವರ ವೈದ್ಯರಿಂದ ಬರೆಸಿಕೊಂಡು ಮೀಟರಿನ ಪಕ್ಕದಲ್ಲೇ ಇಡಿ.